90 ದಿನ, 600 ಚೀಟಿ

ಕೆಎಎಸ್ ಪ್ರಿಲಿಮ್ಸ್‌ಗೆ ಓದುವವರ ಟಿಪ್ಪಣಿ ಪುಸ್ತಕದಲ್ಲಿ ಸಂವಿಧಾನದ 280ನೇ ವಿಧಿಯ ಕೆಳಗೆ ಸೂಪಾ ಅಣೆಕಟ್ಟು, ಅದರ ಕೆಳಗೆ ಐಹೊಳೆ ಶಾಸನ ಇರುತ್ತದೆ. ಒಂದು ಪಾಠವನ್ನು ಅರ್ಥ ಮಾಡಿಕೊಂಡು ಓದಿದಾಗ ಒಂದು ಮಾತು ಇನ್ನೊಂದನ್ನು ಎಳೆದು ತರುತ್ತದೆ. ಇಂಥ ಬಿಡಿ ಸಂಗತಿಗಳಿಗೆ ಆ ಆಸರೆಯಿಲ್ಲ, ಒಂದೊಂದೂ ತಾನೇ ನಿಲ್ಲಬೇಕು. ಅವನ್ನು ಚೀಟಿಯಲ್ಲಿ ಬರೆದು, ಅಂತರ ಬಿಟ್ಟು ಮತ್ತೆ ಮತ್ತೆ ನೋಡಿ ನೆನಪಿಡುವ ದಾರಿ ಇದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಜೋರು, ಆಮೇಲೆ ನಿಧಾನ. ಬಾಯಿಪಾಠವನ್ನು ಒಂದೇ ದಿನ ಮುಗಿಸದೆ ಹಲವು ದಿನಕ್ಕೆ ಹಂಚಿದರೆ ಕಡಿಮೆ ಶ್ರಮ ಸಾಕು ಎಂಬುದೂ ಅಲ್ಲೇ ಕಂಡಿತು.

ಬೆಂಗಳೂರಿನ ವಿಜಯನಗರದ ರೀಡಿಂಗ್ ರೂಮಿನಲ್ಲಿ ಕುಳಿತು ಒಂದೇ ಪುಟವನ್ನು ನಾಲ್ಕು ಸಲ ಓದಿದರೆ ‘ಬಂತು’ ಅನಿಸುತ್ತದೆ. ಬಂದದ್ದು ಪುಟದ ಪರಿಚಯವಷ್ಟೇ. ಉತ್ತರ ಕಣ್ಣ ಮುಂದಿಲ್ಲದಾಗ, ಸ್ವಲ್ಪ ಮಾಸಿದ ಮೇಲೆ, ಕಷ್ಟಪಟ್ಟು ಹೊರತೆಗೆದರೆ ನೆನಪು ಗಟ್ಟಿಯಾಗುತ್ತದೆ. ಆದ್ದರಿಂದ ಪ್ರಶ್ನೆ ಒಂದು ಬದಿ, ಉತ್ತರ ಇನ್ನೊಂದು ಬದಿ ಇರುವ ಚೀಟಿ ಬೇಕು.

ಪರೀಕ್ಷೆಗೆ 90 ದಿನ ಇದೆ, 600 ಸಂಗತಿ ಬೇಕು ಎಂದಿಟ್ಟುಕೊಳ್ಳಿ. ದಿನಕ್ಕೆ 12 ಹೊಸ ಚೀಟಿಯಂತೆ 50 ದಿನಕ್ಕೆ ಎಲ್ಲವೂ ಒಳಗೆ ಬರುತ್ತವೆ. ಪ್ರತಿ ಚೀಟಿಯನ್ನು ಮರುದಿನ ನೋಡಿ, ಆಮೇಲೆ ಪ್ರತಿ ಸಲವೂ ಹಿಂದೆ ನೋಡಿದ ದಿನದಿಂದ ಎಣಿಸಿ, ಕ್ರಮವಾಗಿ 3, 7, 16, 30 ದಿನಕ್ಕೆ ನೋಡಿ. ತಪ್ಪಿದ ಚೀಟಿ ಮತ್ತೆ ‘ಮರುದಿನ’ಕ್ಕೇ ಹಿಂತಿರುಗಬೇಕು. ಒಂದು ಶೂ ಡಬ್ಬಿಯಲ್ಲಿ ರಟ್ಟಿನ 31 ಅಡ್ಡಗೋಡೆ ಹಾಕಿ ತಾರೀಖು ಬರೆದರೆ ಸಾಕು. ಇವತ್ತು 4, ಅಂತರ 7 ಎಂದರೆ ಚೀಟಿ 11ರ ಹಿಂದೆ ಹೋಗುತ್ತದೆ. ಚೀಟಿಯ ಮೂಲೆಯಲ್ಲಿ ಈಗಿನ ಅಂತರವನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಮೊಬೈಲಿನಲ್ಲಾದರೆ ಆಂಕಿ ಎಂಬ ಆ್ಯಪ್ ಈ ಲೆಕ್ಕವನ್ನು ತಾನೇ ಇಡುತ್ತದೆ.

ಒಂದು ತಿಂಗಳಾಗುವ ಹೊತ್ತಿಗೆ ದಿನಕ್ಕೆ 12 ಹೊಸದು, 48 ಹಳೆಯದು, ತಪ್ಪಿದವು ಸೇರಿ 70ರ ಆಸುಪಾಸು ಬರುತ್ತದೆ. ಚೀಟಿಗೆ ಹತ್ತು ಸೆಕೆಂಡು ಹಿಡಿದರೆ ಹನ್ನೆರಡು ನಿಮಿಷ. ಹೊಸ ಚೀಟಿ ಬರೆಯುವ ಸಮಯ ಬೇರೆ. ಉತ್ಸಾಹದಲ್ಲಿ ದಿನಕ್ಕೆ 40 ಹೊಸದು ಸೇರಿಸಿದವರಿಗೆ ಮೂರನೇ ವಾರದಲ್ಲಿ ಹಳೆಯ ಬಾಕಿಯೇ ನೂರು ದಾಟುತ್ತದೆ. ಅಲ್ಲಿಗೆ ಡಬ್ಬಿ ಮುಚ್ಚುತ್ತಾರೆ.

ಚೀಟಿಯ ಬರವಣಿಗೆಯೇ ಹೆಚ್ಚು ಕೆಡುವ ಜಾಗ. ‘ಐಹೊಳೆ ಶಾಸನ’ ಎಂದಷ್ಟೇ ಬರೆದು ಹಿಂದೆ ಐದು ಸಾಲು ತುಂಬಿದರೆ, ಮೂರು ನೆನಪಾಗಿ ಎರಡು ಬಿಟ್ಟುಹೋದಾಗ ಸರಿಯೋ ತಪ್ಪೋ ಹೇಳಲಾಗದು. ‘ಐಹೊಳೆ ಶಾಸನ ರಚಿಸಿದ ಕವಿ ಯಾರು?’ ರವಿಕೀರ್ತಿ. ‘ಅದು ಯಾವ ರಾಜನನ್ನು ಹೊಗಳುತ್ತದೆ?’ ಇಮ್ಮಡಿ ಪುಲಕೇಶಿ. ಒಂದು ಚೀಟಿಗೆ ಒಂದೇ ಉತ್ತರ. ಇದರ ಜೊತೆ ತಾಳಗುಂದ ಶಾಸನದ ಕವಿ ಕುಬ್ಜನ ಚೀಟಿಯೂ ಇದ್ದರೆ ಎರಡು ಹೆಸರು ಅದಲು ಬದಲಾಗುತ್ತವೆ. ಒಂದೇ ಚೀಟಿ ನಾಲ್ಕೈದು ಸಲ ತಪ್ಪಿದರೆ ಮರೆವನ್ನು ದೂರಬೇಡಿ, ಅದನ್ನು ಕಲಸುವ ಇನ್ನೊಂದು ಚೀಟಿ ಹುಡುಕಿ. ಆಮೇಲೆ ಎರಡನ್ನೂ ಎದುರು ಬದುರು ಇಡುವ ಮೂರನೆಯದನ್ನು ಬರೆಯಿರಿ: ತಾಳಗುಂದ, ಕದಂಬರು, ಕುಬ್ಜ, ಐಹೊಳೆ, ಬಾದಾಮಿ ಚಾಲುಕ್ಯರು, ರವಿಕೀರ್ತಿ.

ಉತ್ತರವನ್ನು ಪೂರ್ತಿ ಬಾಯಿಬಿಟ್ಟು ಹೇಳುವ ಮುಂಚೆ ಚೀಟಿ ತಿರುಗಿಸುವುದು ಇನ್ನೊಂದು ದೋಷ. ‘ಗೊತ್ತಿತ್ತು’ ಎಂಬ ಭಾವಕ್ಕೆ ಅಂಕ ಕೊಡಬೇಡಿ. ಹತ್ತರಲ್ಲಿ ಒಂದು ತಪ್ಪಿದರೆ ಅಂತರ ಸರಿಯಾಗಿದೆ. ಒಂದೂ ತಪ್ಪದಿದ್ದರೆ ತೀರ ಬೇಗ ನೋಡುತ್ತಿದ್ದೀರಿ. ನಾಲ್ಕರಲ್ಲಿ ಒಂದು ತಪ್ಪಿದರೆ ಚೀಟಿ ಕೆಟ್ಟಿದೆ, ಇಲ್ಲವೇ ವಿಷಯವನ್ನು ಅರ್ಥವಾಗುವ ಮೊದಲೇ ಚೀಟಿಗೆ ಇಳಿಸಿದ್ದೀರಿ.

ಮೂರು ದಿನ ಮದುವೆ ಮನೆಯಲ್ಲಿ ಕಳೆದು ಬಂದರೆ ಸುಮಾರು 150 ಚೀಟಿ ಬಾಕಿ ಕಾದಿರುತ್ತದೆ. ಆಗ ಹೊಸದನ್ನು ನಿಲ್ಲಿಸಿ, ಅಂತರ ಕಡಿಮೆ ಇರುವವನ್ನು ಮೊದಲು ಮುಗಿಸಿ. 30 ದಿನದ ಚೀಟಿ ಮೂರು ದಿನ ತಡವಾದರೆ ದೊಡ್ಡ ನಷ್ಟವಿಲ್ಲ. ಮರುದಿನ ನೋಡಬೇಕಿದ್ದದ್ದು ಅಷ್ಟು ತಡವಾದರೆ ಬಹುಪಾಲು ಅಳಿಸಿರುತ್ತದೆ.

ಈ ಲೆಕ್ಕದಲ್ಲಿ 34ನೇ ದಿನದಿಂದ ಬಂದ 204 ಚೀಟಿಗಳ 30 ದಿನದ ಸರದಿ ಪರೀಕ್ಷೆಯ ದಿನಕ್ಕೋ ಅದರಾಚೆಗೋ ಬೀಳುತ್ತದೆ. ಅವನ್ನು ಕೊನೆಯ ಆರು ದಿನಕ್ಕೆ ಎಳೆದು, ದಿನಕ್ಕೆ 34ರಂತೆ ನೋಡಿ. ಅಲ್ಲಿ ತಪ್ಪಿದವನ್ನು ಮಾತ್ರ ರಬ್ಬರ್ ಬ್ಯಾಂಡ್ ಹಾಕಿ ಬೇರೆ ಇಟ್ಟುಕೊಳ್ಳಿ; ಪರೀಕ್ಷೆಯ ಹಿಂದಿನ ಸಂಜೆಗೆ ಆ ಕಟ್ಟು ಸಾಕು.