ಚಾಟ್‌ನಿಂದ ಆರ್ಡರ್‌ವರೆಗೆ: ಜಾಹೀರಾತಿನ ಲೆಕ್ಕ ಎಲ್ಲಿ ತಪ್ಪುತ್ತದೆ

ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂನಲ್ಲಿ ಕಾಣುವ ಜಾಹೀರಾತನ್ನು ಒತ್ತಿದೊಡನೆ ಅಂಗಡಿಯ ವಾಟ್ಸ್ಆ್ಯಪ್ ತೆರೆದುಕೊಳ್ಳುವ ವ್ಯವಸ್ಥೆಯನ್ನು ಈಗ ಸಣ್ಣ ವ್ಯಾಪಾರಿಗಳೂ ಬಳಸುತ್ತಿದ್ದಾರೆ. ವೆಬ್‌ಸೈಟಿನಲ್ಲಿ ಮಾರಾಟವಾದರೆ ಹಣ ಪಾವತಿಯಾದ ಪುಟವೇ ಆ ಸುದ್ದಿಯನ್ನು ಜಾಹೀರಾತು ಖಾತೆಗೆ ಮುಟ್ಟಿಸುವಂತೆ ಹೊಂದಿಸಬಹುದು. ಚಾಟ್‌ನಲ್ಲಾದರೋ ಬೆಲೆ, ಬಣ್ಣ, ವಿಳಾಸ, ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಎಲ್ಲವೂ ಮಾತಿನ ನಡುವೆಯೇ ಬಂದುಹೋಗುವುದರಿಂದ, ವ್ಯಾಪಾರಿಯೇ ತಿಳಿಸದ ಹೊರತು ಮೊದಲ ಸಂದೇಶದ ನಂತರ ಏನಾಯಿತೆಂಬುದು ಜಾಹೀರಾತು ಖಾತೆಗೆ ಗೊತ್ತಾಗುವುದಿಲ್ಲ.

ಹೀಗಾಗಿ ಖಾತೆಯಲ್ಲಿ ಎದ್ದು ಕಾಣುವುದು ‘ಆರಂಭವಾದ ಸಂಭಾಷಣೆಗಳು’ ಎಂಬ ಅಂಕಿ. ಕನಿಷ್ಠ 7 ದಿನ ಮಾತುಕತೆಯಿಲ್ಲದೆ ಇದ್ದವರು ಜಾಹೀರಾತಿನ ಮೂಲಕ ಬಂದು ಸಂದೇಶ ಕಳಿಸಿದರೂ ಅದು ಹೊಸ ಸಂಭಾಷಣೆಯೆಂದೇ ಎಣಿಕೆಯಾಗುತ್ತದೆ. ಕಳೆದ ತಿಂಗಳು ಸೀರೆ ಕೊಂಡ ಹಳೆಯ ಗ್ರಾಹಕರೂ ಇದರಲ್ಲಿ ಸೇರಿರುತ್ತಾರೆ. ಆದ್ದರಿಂದ ಈ ಅಂಕಿಯ ಪಕ್ಕದಲ್ಲಿ, ಅಂಗಡಿಗೆ ಮೊದಲ ಸಲ ಬಂದ ಮೊಬೈಲ್ ಸಂಖ್ಯೆಗಳೆಷ್ಟು ಎಂಬುದನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ಯಾವ ಚಾಟ್ ಯಾವ ಜಾಹೀರಾತಿನಿಂದ ಬಂತೆಂಬ ಗುರುತನ್ನು ಆರ್ಡರ್‌ವರೆಗೂ ಒಯ್ಯುವುದು ಮುಂದಿನ ಕೆಲಸ. ಫೋನಿನ ಬಿಸಿನೆಸ್ ಆ್ಯಪ್ ಬಳಸುವವರು ಪ್ರತಿ ಜಾಹೀರಾತಿನಲ್ಲೂ ಮೊದಲೇ ತುಂಬಿಟ್ಟ ಸಂದೇಶವನ್ನು ಬೇರೆಬೇರೆಯಾಗಿ ಬರೆದು, ಬಂದ ಚಾಟ್‌ಗೆ ಅದರಂತೆ ಲೇಬಲ್ ಹಚ್ಚಬಹುದು. ಕೆಲವರು ಆ ಸಾಲನ್ನು ಅಳಿಸಿ ತಮ್ಮದೇ ಪ್ರಶ್ನೆ ಕೇಳುತ್ತಾರಾದ್ದರಿಂದ ಇದು ಪೂರ್ತಿ ನಂಬಿಗಸ್ತವಲ್ಲ. ಅಂಗಡಿಯ ಸಾಫ್ಟ್‌ವೇರನ್ನು ವಾಟ್ಸ್ಆ್ಯಪ್‌ಗೆ ನೇರವಾಗಿ ಜೋಡಿಸುವ ವಾಟ್ಸ್ಆ್ಯಪ್ ಎಪಿಐ ಇದ್ದವರಿಗೆ ಜಾಹೀರಾತಿನಿಂದ ಬಂದ ಸಂದೇಶದ ಜೊತೆ `referral` ಎಂಬ ಭಾಗ ಬರುತ್ತದೆ. ಅದರೊಳಗಿನ `source_id` ಜಾಹೀರಾತಿನ ಗುರುತು, `ctwa_clid` ಆ ಕ್ಲಿಕ್ಕಿನ ಗುರುತು. ಮುಂದಿನ ಸಂದೇಶಗಳಲ್ಲಿ ಸಿಗುತ್ತದೆಂದು ನೆಚ್ಚಿಕೊಳ್ಳದೆ, ಬಂದ ಕ್ಷಣವೇ ಗ್ರಾಹಕರ ದಾಖಲೆಯಲ್ಲಿ ಇವನ್ನು ಉಳಿಸಿಕೊಳ್ಳಬೇಕು.

ಇಷ್ಟಾದ ಮೇಲೂ ‘ಖಚಿತ ಆರ್ಡರ್’ ಎಂದರೇನೆಂಬುದು ಅಂಗಡಿಯೊಳಗೆ ಇತ್ಯರ್ಥವಾಗಿರಬೇಕು. ‘ಬೇಕು, ಕಳಿಸಿ’ ಎಂದವರನ್ನೆಲ್ಲ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ವಿಳಾಸ ಬಂದು ಹಣ ಖಾತೆಗೆ ಜಮೆಯಾಗಿರಬೇಕು, ಇಲ್ಲವೇ ಕ್ಯಾಶ್ ಆನ್ ಡೆಲಿವರಿಯಾದರೆ ಪಾರ್ಸೆಲ್ ಗ್ರಾಹಕರ ಕೈ ಸೇರಿರಬೇಕು. ನಾನು ಒಪ್ಪುವುದು ಇದನ್ನು ಮಾತ್ರ.

ಲೆಕ್ಕಕ್ಕಾಗಿ ಇಳಕಲ್ ಸೀರೆಯ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ಸೀರೆಯ ಬೆಲೆ ₹2,400, ಜಾಹೀರಾತಿನ ಖರ್ಚು ಕಳೆಯುವ ಮೊದಲು ಉಳಿಯುವ ಲಾಭ ₹700. ಒಂದು ಜಾಹೀರಾತಿನಲ್ಲಿ ಸೀರೆಯ ಚಂದದ ವಿಡಿಯೊ ಮಾತ್ರ ಇದೆ. ಎರಡನೆಯದು ಕೊಂಡಿ ಹಾಕಿ ಸೆರಗು ಕೂಡಿಸುವುದನ್ನು ತೋರಿಸಿ ಬೆಲೆಯನ್ನೂ ಹೇಳುತ್ತದೆ. ತಲಾ ₹6,000 ಖರ್ಚಿಗೆ ಮೊದಲನೆಯದು 240 ಚಾಟ್ ತಂದಿತು, ಎರಡನೆಯದು 100. ಒಂದು ಚಾಟ್‌ಗೆ ₹25 ಒಂದು ಕಡೆ, ₹60 ಇನ್ನೊಂದು ಕಡೆ. ಖಾತೆಯನ್ನಷ್ಟೇ ನೋಡುವವರು ಎರಡನೆಯದನ್ನು ಅಂದೇ ನಿಲ್ಲಿಸಿಬಿಡುತ್ತಾರೆ. ಆದರೆ ಮೊದಲನೆಯದರಲ್ಲಿ ಬೆಲೆ ಕೇಳಿದ ಮೇಲೆ ಮಾತು ಮುಂದುವರಿಸಿದವರು 30 ಮಂದಿ, ಕಳಿಸಿದ ಪಾರ್ಸೆಲ್ 6. ಎರಡನೆಯದರಲ್ಲಿ ಮುಂದುವರಿಸಿದವರು 35, ಪಾರ್ಸೆಲ್ 10. ಪಾರ್ಸೆಲ್ ಒಂದಕ್ಕೆ ಖರ್ಚು ₹1,000 ಮತ್ತು ₹600 ಆಯಿತು. ಮೊದಲನೆಯದರಲ್ಲಿ ಎರಡು, ಎರಡನೆಯದರಲ್ಲಿ ಒಂದು ಪಾರ್ಸೆಲ್ ತಿರುಗಿ ಬಂದವೆಂದರೆ ಅದೇ ಖರ್ಚು ₹1,500 ಮತ್ತು ಸುಮಾರು ₹667 ಆಗುತ್ತದೆ. ಗೆದ್ದಂತೆ ಕಂಡ ಎರಡನೆಯದರಲ್ಲೂ ಸೀರೆಗೆ ಉಳಿದದ್ದು ₹33. ಪಾರ್ಸೆಲ್ ಮರಳಿ ಬಂದ ಕೊರಿಯರ್ ಖರ್ಚನ್ನು ಇನ್ನೂ ಕಳೆದಿಲ್ಲ.

ಆರು, ಹತ್ತು ಎಂಬ ಸಣ್ಣ ಸಂಖ್ಯೆಗಳ ಅಂತರ ಆಕಸ್ಮಿಕವೂ ಇರಬಹುದು. ಅದಕ್ಕಾಗಿಯೇ ಬೆಲೆ ಕೇಳಿದ ಮೇಲೂ ಉಳಿದವರನ್ನು ಎಣಿಸುವುದು: ನೂರರಲ್ಲಿ 35 ಎಲ್ಲಿ, 240ರಲ್ಲಿ 30 ಎಲ್ಲಿ! ಆರ್ಡರ್‌ಗಳು ಕಡಮೆ ಇರುವಾಗ ಈ ನಡುವಿನ ಮೆಟ್ಟಿಲು ಹೆಚ್ಚು ಗಟ್ಟಿಯಾದ ಸಾಕ್ಷಿ.

ದಿನಾಂಕದ ಗೊಂದಲವೂ ಸಾಮಾನ್ಯ. ಸೋಮವಾರ ಚಾಟ್ ಮಾಡಿದವರು ಮನೆಯಲ್ಲಿ ಕೇಳಿಕೊಂಡು ಶನಿವಾರ ಹಣ ಕಳಿಸುತ್ತಾರೆ. ಶನಿವಾರದ ಖರ್ಚನ್ನು ಶನಿವಾರದ ಆರ್ಡರ್‌ಗಳಿಂದ ಭಾಗಿಸಿದರೆ ಉತ್ತರಕ್ಕೆ ಅರ್ಥವಿರುವುದಿಲ್ಲ. ಆರ್ಡರನ್ನು ಅದರ ಮೊದಲ ಚಾಟ್ ನಡೆದ ವಾರಕ್ಕೇ ಸೇರಿಸಿ, ಆ ವಾರದ ಪಾರ್ಸೆಲ್‌ಗಳೆಲ್ಲ ತಲುಪುವವರೆಗೆ ಕಾಯಬೇಕು. ಹಾಗೆ ಕಾಯುವಾಗ ಮೊದಲ ಉತ್ತರಕ್ಕೆ ನಾವು ತೆಗೆದುಕೊಂಡ ಸಮಯವನ್ನೂ ನೋಡಬೇಕು. ರಾತ್ರಿ ಹತ್ತಕ್ಕೆ ಬಂದ ಚಾಟ್‌ಗಳಿಗೆ ಮರುದಿನ ಹನ್ನೊಂದಕ್ಕೆ ಉತ್ತರಿಸಿ, ಜಾಹೀರಾತು ಕೆಟ್ಟದ್ದೆಂದು ತೀರ್ಮಾನಿಸಿದವರನ್ನು ನಾನು ಕಂಡಿದ್ದೇನೆ.

ಎಪಿಐ ಇದ್ದವರು ಖಚಿತವಾದ ಆರ್ಡರನ್ನು `Purchase` ಎಂಬ ಹೆಸರಿನಲ್ಲಿ, ಉಳಿಸಿಕೊಂಡ `ctwa_clid` ಜೊತೆ ಮೆಟಾಗೆ ಮರಳಿ ಕಳಿಸಬಹುದು. ಆಗ ಚಾಟ್ ಮಾಡುವವರ ಬದಲು ಕೊಳ್ಳುವವರನ್ನು ಹುಡುಕುವಂತೆ ಜಾಹೀರಾತನ್ನು ಹೊಂದಿಸಲು ದಾರಿಯಾಗುತ್ತದೆ. ಆದರೆ ವಾರಕ್ಕೆ ಹತ್ತೇ ಆರ್ಡರ್ ಇರುವ ಅಂಗಡಿಯಿಂದ ಹೋಗುವ ಸುಳಿವು ಅದಕ್ಕೆ ಸಾಲದು. ಅಂಥವರು ಸದ್ಯಕ್ಕೆ ತಮ್ಮ ಲೇಬಲ್ ಮತ್ತು ಪುಸ್ತಕದ ಲೆಕ್ಕ ನೋಡಿಯೇ ಬಜೆಟ್ ಬದಲಿಸುವುದು ಲೇಸೆಂಬುದು ನನ್ನ ಅಭಿಪ್ರಾಯ.