ಮೇಣ ಬಿದ್ದ ಬಟ್ಟೆಯನ್ನು ಬಿಸಿನೀರಿಗೆ ಹಾಕಬಹುದೇ?

ಮಳೆಗಾಲ ಹಿಡಿಯಿತೆಂದರೆ ಮೂಡಿಗೆರೆ, ಕೊಪ್ಪದ ಕಡೆಯಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕರೆಂಟ್ ಹೋಗುತ್ತದೆ, ಮೇಣದಬತ್ತಿ ಹಚ್ಚುತ್ತೀರಿ, ಪಂಚೆ ಮೇಲೆ ಮೇಣ ಬೀಳುತ್ತದೆ. ಆಮೇಲೆ ‘ಹಂಡೆಯಲ್ಲಿ ನೀರು ಕುದೀತಿದೆ, ಅದರಲ್ಲೇ ಅದ್ದಿಬಿಡ್ಲಾ?’ ಬೇಡ. ಹೋದ ಮಳೆಗಾಲದಲ್ಲೂ ಬೇಡ ಅಂತಲೇ ಹೇಳಿದ್ದೆ.

ಬಿಸಿನೀರಲ್ಲಿ ಮೇಣ ಕರಗುವುದು ನಿಜ. ಸಾಮಾನ್ಯ ಮೇಣದಬತ್ತಿಗೆ 50–60 ಡಿಗ್ರಿ ಶಾಖವೇ ಸಾಕು. ಈ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿರುವುದೂ ಅದಕ್ಕೇ. ಆದರೆ ಕರಗಿದ್ದು ಹೋಗುವುದೆಲ್ಲಿಗೆ? ಮೇಣ ನೀರಿಗೆ ಬೆರೆಯುವುದಿಲ್ಲ. ಸ್ವಲ್ಪ ನೂಲಿನೊಳಕ್ಕೆ ಇಳಿಯುತ್ತದೆ, ಉಳಿದದ್ದು ಬಕೆಟ್ಟಿನಲ್ಲಿ ಮೇಲೆ ತೇಲುತ್ತದೆ. ಪಂಚೆ ಎತ್ತಿದಿರೋ, ತೇಲುತ್ತಿದ್ದದ್ದು ಬಟ್ಟೆಗೆಲ್ಲ ಮೆತ್ತಿಕೊಂಡು ಆರುತ್ತದೆ. ಒಂದು ರೂಪಾಯಿ ನಾಣ್ಯದಗಲದ ಕಲೆ ಮೊಳದುದ್ದ ಆಗುತ್ತದೆ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ: ಮೇಣ ಕುಡಿದ ಜಾಗ ಎಣ್ಣೆ ಕಾಗದದ ಹಾಗೆ ಕಾಣುತ್ತದೆ, ಅಲ್ಲಿ ನೀರು ಚಿಮುಕಿಸಿದರೆ ಹೀರದೆ ಜಾರುತ್ತದೆ.

ಕರೆಂಟ್ ಬರುವವರೆಗೆ ಸುಮ್ಮನಿರಿ, ಮೇಣ ತಾನಾಗಿ ಗಟ್ಟಿಯಾಗಲಿ. ಚಮಚದ ಹಿಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಆಮೇಲೆ ಕಲೆಯ ಕೆಳಗೊಂದು ಮೇಲೊಂದು ಬಿಳಿ ಟಿಶ್ಯೂ ಇಟ್ಟು, ಸಣ್ಣ ಶಾಖದ ಇಸ್ತ್ರಿಯನ್ನು ಹಬೆಯಿಲ್ಲದೆ ಒಂದೆರಡು ಕ್ಷಣ ಒತ್ತಿ. ಶಾಖ ಇಲ್ಲೂ ಇದೆ, ಆದರೆ ಕರಗಿದ ಮೇಣ ಹೀರಲು ಕಾಗದ ಕಾದಿದೆ, ಅಷ್ಟೇ ವ್ಯತ್ಯಾಸ. ಕಾಗದಕ್ಕೆ ಎಣ್ಣೆಗಲೆ ಬಿದ್ದ ತಕ್ಷಣ ಹೊಸದನ್ನು ಇಡಿ. ಹಳೆಯದರ ಮೇಲೇ ತಿಕ್ಕಿದರೆ ಮೇಣ ವಾಪಸ್ ಬಟ್ಟೆಗೇ. ಕಾಗದ ಒಣದಾಗಿಯೇ ಉಳಿಯುವವರೆಗೂ ಹೀಗೇ ಮಾಡಿ, ನಂತರ ಸೋಪು ಹಚ್ಚಿ ಒಗೆಯಿರಿ. ನ್ಯೂಸ್‌ಪೇಪರ್ ಹಾಳೆ ಮಾತ್ರ ಬೇಡ, ಅದರ ಮಸಿ ಬಿಳಿ ಪಂಚೆಗೆ ಅಂಟೀತು. ಜರಿ ಸೀರೆಯಾದರೆ ಇಸ್ತ್ರಿ ಮುಟ್ಟಿಸದೆ ಡ್ರೈಕ್ಲೀನಿಂಗಿಗೆ ಕೊಡಿ.

ಚೂಯಿಂಗ್ ಗಮ್ಮಿಗೆ ಇಸ್ತ್ರಿಯೂ ಬೇಡ. ಬಿಸಿ ತಾಗಿದರೆ ಅದು ಎಳೆ ಎಳೆಯಾಗಿ ನೂಲಿಗೆ ಸುತ್ತಿಕೊಳ್ಳುತ್ತದೆ. ಪ್ಯಾಂಟನ್ನು ಕವರಿನಲ್ಲಿ ಹಾಕಿ, ಗಮ್ ಕಲ್ಲಾಗುವವರೆಗೆ ಫ್ರೀಜರಿನಲ್ಲಿಟ್ಟು, ತೆಗೆದ ಕೂಡಲೇ ಕೆರೆಯಿರಿ.

ಪೇಂಟಿಗೆ ಮಾತ್ರ ಕಾಯುತ್ತ ಕೂರಬೇಡಿ. ಗೋಡೆಯ ಎಮಲ್ಷನ್ ಹಸಿಯಿದ್ದಾಗ ತಣ್ಣೀರು, ಸೋಪಿಗೇ ಹೋಗುತ್ತದೆ. ಒಣಗಿದರೆ ಪ್ಲಾಸ್ಟಿಕ್ ಪದರವಾಗಿ ಕೂರುತ್ತದೆ. ನಲ್ಲಿ ನೀರನ್ನು ಕಲೆಯ ಹಿಂಬದಿಯಿಂದ ಬಿಡಿ, ಬಣ್ಣ ಬಂದ ದಾರಿಯಲ್ಲೇ ಹೊರಗೆ ಹೋಗಲಿ. ಬಾಗಿಲು, ಗೇಟಿನ ಎನಾಮಲ್ ನೀರಿಗೆ ಬಗ್ಗುವುದಿಲ್ಲ. ಕಲೆಯ ಕೆಳಗೆ ಹಳೇ ಬಟ್ಟೆ ಇಟ್ಟು, ಹಿಂಬದಿಯಿಂದ ಟರ್ಪೆಂಟೈನ್ ಒತ್ತಿ. ಒಲೆಯಿಂದ ದೂರವಿರಿ, ವಾಸನೆ ಪೂರ್ತಿ ಹೋಗುವ ತನಕ ಅದನ್ನು ಮಷಿನ್ನಿಗೂ ಹಾಕಬೇಡಿ.

ಅಂದಹಾಗೆ, ಇಷ್ಟೆಲ್ಲ ಮಾಡಿದ ಮೇಲೆ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಮೇಣ ಅಂಟಿದೆಯೇ ಅಂತ ಯಾರೂ ನೋಡುವುದಿಲ್ಲ. ಪೆಟ್ಟಿಗೆ ಬೆಚ್ಚಗಿರುವಾಗಲೇ ಹಳೇ ಟವೆಲ್ ಮೇಲೆ ನಾಲ್ಕು ಸಲ ಉಜ್ಜಿ. ಇಲ್ಲದಿದ್ದರೆ ನಾಳೆ ಅದೇ ಮೇಣ ಮಗಳ ಯೂನಿಫಾರ್ಮಿಗೆ ಹೋಗುತ್ತದೆ, ನೀವು ಮತ್ತೆ ಇದೇ ಪ್ರಶ್ನೆ ಕಳಿಸುತ್ತೀರಿ.