ಅಕ್ಕನ 42 ದಿನಗಳ ರಜೆ

ಹುಬ್ಬಳ್ಳಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿರುವ 41 ವರ್ಷದ ಅಕ್ಕ, ಡಯಾಲಿಸಿಸ್‌ನಲ್ಲಿರುವ ತಮ್ಮನಿಗೆ ಕಿಡ್ನಿ ಕೊಡಲು ಒಪ್ಪಿದ್ದಾಳೆ ಎಂದುಕೊಳ್ಳೋಣ. ಅವಳ ಮೊದಲ ಪ್ರಶ್ನೆ ಆಪರೇಷನ್ನಿನದಲ್ಲ, ರಜೆಯದು. ಎಷ್ಟು ದಿನ ಬೇಕು, ಏನೆಂದು ಬರೆದು ಕೇಳಬೇಕು?

ಎಷ್ಟು ದಿನ ಎಂಬುದಕ್ಕೆ ಸರ್ಕಾರದ ಉತ್ತರ ಸಿದ್ಧವಿದೆ. 2023ರ ಏಪ್ರಿಲ್‌ನಲ್ಲಿ ಬಂದ ಆದೇಶದಂತೆ, ಅಂಗದಾನ ಮಾಡುವ ಕೇಂದ್ರ ನೌಕರರಿಗೆ ವೈದ್ಯರ ಶಿಫಾರಸಿನ ಮೇಲೆ ಗರಿಷ್ಠ 42 ದಿನಗಳ ವಿಶೇಷ ಸಾಂದರ್ಭಿಕ ರಜೆ ಸಿಗುತ್ತದೆ. ಆಸ್ಪತ್ರೆಗೆ ದಾಖಲಾದ ದಿನದಿಂದ ಎಣಿಕೆ ಶುರು. ವೈದ್ಯರು ಬರೆದುಕೊಟ್ಟರೆ ಆಪರೇಷನ್ನಿಗೆ ಒಂದು ವಾರ ಮುಂಚಿನಿಂದಲೂ ಪಡೆಯಬಹುದು. ಆದರೆ ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ರಕ್ತಪರೀಕ್ಷೆ, ಸ್ಕ್ಯಾನ್, ಗುರುತಿನ ಕಾಗದಪತ್ರ ಎಂದು ಬೆಂಗಳೂರಿಗೆ ಓಡಾಡುವ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಅವಳ ಸ್ವಂತ ರಜೆಯಿಂದಲೇ ಹೋಗಬೇಕು. ಖಾಸಗಿ ಕಂಪನಿಯಲ್ಲಿದ್ದವರಿಗೆ ಈ ಆದೇಶ ಅನ್ವಯಿಸುವುದಿಲ್ಲ. ಅಲ್ಲಿ ಕಂಪನಿಯ ನಿಯಮವೇ ಆಧಾರ.

ಆರು ವಾರ ಎಂದರೆ ಹೆಚ್ಚಾಯಿತಲ್ಲವೇ ಎಂದು ಪಕ್ಕದ ಮೇಜಿನವರಿಗೆ ಅನ್ನಿಸಬಹುದು. ಈಗ ಕಿಡ್ನಿಯನ್ನು ಸಾಮಾನ್ಯವಾಗಿ ಲ್ಯಾಪರೋಸ್ಕೋಪಿಯಲ್ಲಿ ತೆಗೆಯುತ್ತಾರೆ. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, ಸಣ್ಣ ರಂಧ್ರಗಳ ಮೂಲಕ ಕಿಡ್ನಿಯನ್ನು ಬಿಡಿಸಿ, ಕಿಬ್ಬೊಟ್ಟೆಯ ಅಡ್ಡಗೀಟಿನಿಂದ ಹೊರತೆಗೆಯುತ್ತಾರೆ. ಹೆಚ್ಚಾಗಿ ಎಡಗಡೆಯದನ್ನೇ ಆರಿಸುತ್ತಾರೆ, ಅದರ ರಕ್ತನಾಳ ಉದ್ದವಾಗಿರುವುದರಿಂದ ತಮ್ಮನ ದೇಹಕ್ಕೆ ಹೊಲಿಯುವುದು ಸುಲಭ. ಮೂರರಿಂದ ಐದು ದಿನಗಳಲ್ಲಿ ಅಕ್ಕ ಆಸ್ಪತ್ರೆಯಿಂದ ಹೊರಬರುತ್ತಾಳೆ. ಮೊದಲ ದಿನಗಳಲ್ಲಿ ಭುಜ ನೋಯುತ್ತದೆ, ಹೊಟ್ಟೆಯ ಆಪರೇಷನ್ನಿಗೆ ಭುಜವೇಕೆ ಎಂದು ಮನೆಯವರು ಗಾಬರಿಯಾಗುತ್ತಾರೆ. ಉಳಿದ ಅನಿಲ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆರಳಿಸುತ್ತದೆ, ವಪೆಯ ನರ ಮತ್ತು ಭುಜದ ನರಗಳು ಕತ್ತಿನ ಒಂದೇ ಭಾಗದಿಂದ ಹೊರಡುವುದರಿಂದ ಮಿದುಳು ನೋವಿನ ವಿಳಾಸವನ್ನು ತಪ್ಪಾಗಿ ಓದುತ್ತದೆ. ಕೆಲವು ದಿನಗಳಲ್ಲಿ ಇದು ತಾನಾಗಿಯೇ ಹೋಗುತ್ತದೆ. ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಊತ ಕಂಡರೆ ಮಾತ್ರ ಕಾಯಬಾರದು.

ಚರ್ಮ ಎರಡು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮೋಸ ಇರುವುದೇ ಅಲ್ಲಿ. ಚರ್ಮದ ಅಡಿಯಲ್ಲಿ ಹೊಟ್ಟೆಯನ್ನು ಹಿಡಿದಿಟ್ಟಿರುವ ಬಿಗಿಯಾದ ಪದರ ನಿಧಾನವಾಗಿ ಗಟ್ಟಿಯಾಗುತ್ತದೆ, ಆರು ವಾರಗಳ ಹೊತ್ತಿಗೂ ಹಳೆಯ ಬಲ ಪೂರ್ತಿ ಬಂದಿರುವುದಿಲ್ಲ. ಅಷ್ಟರೊಳಗೆ ತುಂಬಿದ ಬಿಂದಿಗೆ ಎತ್ತಿದರೆ ಹರ್ನಿಯಾ ಆಗಬಹುದು. ಕುಳಿತು ಮಾಡುವ ಕೆಲಸಕ್ಕೆ ನಾಲ್ಕನೆಯ ವಾರದಲ್ಲೇ ಮರಳುವವರಿದ್ದಾರೆ, ಭಾರ ಹೊರುವವರಿಗೆ ಆರು ವಾರವೂ ಸಾಲದಿರಬಹುದು. ಆಯಾಸ ಇನ್ನೂ ಕೆಲವು ವಾರ ಬೆನ್ನು ಬಿಡುವುದಿಲ್ಲ.

ಈಗ ಅರ್ಜಿಯ ಮಾತು. ಕಚೇರಿಗೆ ಬೇಕಾದದ್ದು ಮೂರೇ: ಅಂಗದಾನದ ಶಸ್ತ್ರಚಿಕಿತ್ಸೆ ಎಂಬ ವೈದ್ಯರ ಪತ್ರ, ದಿನಾಂಕಗಳು, ಮರಳುವಾಗ ಫಿಟ್ನೆಸ್ ಸರ್ಟಿಫಿಕೇಟ್. ಜೊತೆಗೆ ‘ಎರಡು ತಿಂಗಳು ಭಾರದ ಕಡತದ ಗಂಟು ಎತ್ತುವಂತಿಲ್ಲ’ ಎಂಬ ಒಂದು ಸಾಲು. ತಮ್ಮನ ಕಿಡ್ನಿ ಏಕೆ ಕೆಟ್ಟಿತು, ಅವನಿಗೆ ಸಕ್ಕರೆ ಕಾಯಿಲೆಯೇ, ಅಂಗಾಂಶ ಎಷ್ಟು ಹೊಂದಿತು, ಇವು ಅವನ ಗುಟ್ಟುಗಳು. ಡಿಸ್ಚಾರ್ಜ್ ಸಮ್ಮರಿಯನ್ನು ಹಾಗೆಯೇ ಲಗತ್ತಿಸಿದರೆ ಇವುಗಳಲ್ಲಿ ಕೆಲವು ಕಡತ ಸೇರುತ್ತವೆ. ಆದ್ದರಿಂದ ಆಸ್ಪತ್ರೆಯಿಂದ ಚಿಕ್ಕದೊಂದು ಪತ್ರವನ್ನು ಬೇರೆಯಾಗಿಯೇ ಕೇಳಿ ಪಡೆಯುವುದು ಒಳ್ಳೆಯದು.

ಎಷ್ಟು ಹೇಳಬೇಕು ಎನ್ನುವಷ್ಟೇ ಯಾವಾಗ ಹೇಳಬೇಕು ಎನ್ನುವುದೂ ಮುಖ್ಯ. ದೇಹ ತನ್ನದು ಯಾವುದು, ಪರರದು ಯಾವುದು ಎಂದು ಗುರುತಿಸಲು ಬಳಸುವ ಎಚ್ಎಲ್ಎ ಎಂಬ ಅಂಗಾಂಶದ ಗುರುತುಗಳು ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಏನೂ ಹೊಂದದಿರುವ ಸಾಧ್ಯತೆಯೂ ಅಷ್ಟೇ. ಹೊಂದದಿದ್ದರೂ ಕಸಿ ಆಗಬಹುದು, ಆದರೆ ಅಕ್ಕನ ಜೀವಕೋಶಗಳ ಮೇಲೆ ತಮ್ಮನ ರಕ್ತದ ಪ್ರತಿಕಾಯಗಳು ಎರಗುತ್ತವೆಯೇ ಎಂದು ನೋಡುವ ಕ್ರಾಸ್ ಮ್ಯಾಚ್ ಪರೀಕ್ಷೆ ಕೊನೆಯ ಹಂತದಲ್ಲೂ ದಿನಾಂಕವನ್ನು ತಪ್ಪಿಸಬಲ್ಲದು. ಅಕ್ಕನ ಮನಸ್ಸೇ ಬದಲಾಗಬಹುದು, ಅದಕ್ಕೆ ಅವಳಿಗೆ ಹಕ್ಕಿದೆ. ಇಡೀ ಕಚೇರಿ ಶಾಲು ಹೊದಿಸಿ ಬೀಳ್ಕೊಟ್ಟ ಮೇಲೆ ಹಿಂದೆ ಸರಿಯುವುದು ಎಷ್ಟು ಕಷ್ಟ, ನೋಡಿ. ಪರೀಕ್ಷೆಗಳು ಮುಗಿಯುವವರೆಗೆ ಮೇಲಧಿಕಾರಿಗೆ ‘ಕೆಲವು ವಾರಗಳ ವೈದ್ಯಕೀಯ ರಜೆ ಬೇಕಾಗಬಹುದು’ ಎಂದಷ್ಟೇ ತಿಳಿಸಿದರೆ ಸಾಕು.

ಪೂರ್ತಿ ಬಾಯಿಬಿಡಬೇಕಾದ ಜಾಗ ಒಂದಿದೆ, ಮುಂದೆ ಅವಳನ್ನು ನೋಡುವ ವೈದ್ಯರ ಕೋಣೆ. ಉಳಿದ ಕಿಡ್ನಿ ಹಿಗ್ಗಿ ಹೆಚ್ಚು ದುಡಿಯುತ್ತದೆ, ಆದರೂ ಎರಡು ಕಿಡ್ನಿಗಳ ಕೆಲಸದ ಮೂರನೆಯ ಎರಡರಷ್ಟರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಅಕ್ಕನ ರಕ್ತದಲ್ಲಿ 0.8ರಿಂದ 1.2ಕ್ಕೆ ಏರಿತೆನ್ನಿ. ಪ್ರಯೋಗಾಲಯದ ಸೂತ್ರ ಅವಳ ಸೋಸುವ ಶಕ್ತಿಯನ್ನು 95ರಿಂದ 58ಕ್ಕೆ ಇಳಿಸಿ ತೋರಿಸುತ್ತದೆ. 60ಕ್ಕಿಂತ ಕೆಳಗಿದ್ದರೆ ವರದಿಯಲ್ಲಿ ಕೆಂಪು ಗುರುತು ಬೀಳುತ್ತದೆ. ಮುಂದಿನ ವರ್ಷದ ತಪಾಸಣೆಯಲ್ಲಿ ಇದನ್ನು ನೋಡುವ ವೈದ್ಯರಿಗೆ ದಾನದ ವಿಷಯ ಗೊತ್ತಿಲ್ಲದಿದ್ದರೆ ಅವಳನ್ನೇ ಕಿಡ್ನಿ ರೋಗಿಯೆಂದು ಬರೆದುಬಿಡಬಹುದು. ಗೊತ್ತಿದ್ದರೆ ಅಂಕಿ ಸ್ಥಿರವಾಗಿದೆಯೇ, ಮೂತ್ರದಲ್ಲಿ ಪ್ರೋಟೀನ್ ಇದೆಯೇ, ರಕ್ತದೊತ್ತಡ ಎಷ್ಟು ಎಂದು ನೋಡುತ್ತಾರೆ. ಮಂಡಿನೋವಿಗೆ ಐಬುಪ್ರೊಫೆನ್‌ನಂಥ, ಕಿಡ್ನಿಗೆ ಹಾನಿ ಮಾಡಬಲ್ಲ ಮಾತ್ರೆ ಬರೆಯುವ ಮುನ್ನವೂ ಯೋಚಿಸುತ್ತಾರೆ.